ದಿನಕ್ಕೆ ಒಂದೂವರೆ ಜಿಬಿ, ಮನೆಯಲ್ಲಿ ವೈಫೈ ಇಲ್ಲ: ದಾರಿಯಲ್ಲಿ ನೋಡಲು ಸಿನಿಮಾ, ಸರಣಿ ಡೌನ್‌ಲೋಡ್ ಮಾಡಿಕೊಳ್ಳುವ ಬಗೆ

ರಾತ್ರಿ ಮನೆಯ ವೈಫೈಯಲ್ಲಿ ಡೌನ್‌ಲೋಡ್ ಮಾಡಿ, ಬೆಳಿಗ್ಗೆ ದಾರಿಯಲ್ಲಿ ನೋಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದನ್ನು ಓದಿದವರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: ಮನೆಯಲ್ಲಿ ವೈಫೈಯೇ ಇಲ್ಲದವರು ಏನು ಮಾಡಬೇಕು? ಪಿಜಿಯಲ್ಲಿ ಇರುವವರು, ಬಾಡಿಗೆ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸದವರು, ಫೋನಿನ ಪ್ರೀಪೇಯ್ಡ್ ಪ್ಯಾಕಿನಲ್ಲೇ ಎಲ್ಲವನ್ನೂ ನಡೆಸುವವರು ಬಹಳ ಮಂದಿ ಇದ್ದಾರೆ. ಈ ಲೇಖನ ಅವರಿಗಾಗಿ.

ಉದಾಹರಣೆಗೆ ಒಂದು ನಿರ್ದಿಷ್ಟ ದಾರಿಯನ್ನೇ ಹಿಡಿಯೋಣ. ಬೆಂಗಳೂರು ಮೆಟ್ರೋದ ನೇರಳೆ ಮಾರ್ಗದಲ್ಲಿ ಕೆಂಗೇರಿಯಿಂದ ವೈಟ್‌ಫೀಲ್ಡ್ ಕಡೆಗೆ ದಿನವೂ ಹೋಗಿ ಬರುವವರಿಗೆ ಒಂದು ಕಡೆಗೆ ಸುಮಾರು ಒಂದೂಕಾಲು ಗಂಟೆ ಹಿಡಿಯುತ್ತದೆ ಎಂದುಕೊಳ್ಳಿ. ನಡುವೆ ಸಿಟಿ ರೈಲ್ವೆ ನಿಲ್ದಾಣದಿಂದ ಕಬ್ಬನ್ ಪಾರ್ಕ್‌ವರೆಗೆ ರೈಲು ನೆಲದಡಿ ಓಡುತ್ತದೆ. ಅಲ್ಲಿ ಸಿಗ್ನಲ್ ಏರುಪೇರಾದಾಗ ನೇರವಾಗಿ ನೋಡುತ್ತಿದ್ದ ವಿಡಿಯೊ ತಿರುಗುವ ಚಕ್ರವಾಗಿ ನಿಲ್ಲುತ್ತದೆ. ಪ್ಯಾಕ್ ದಿನಕ್ಕೆ 1.5 ಜಿಬಿಯದು. ಇಷ್ಟರಲ್ಲಿ ಹೋಗಿ ಬರುವ ಎರಡೂವರೆ ಗಂಟೆಗೆ ಸಾಮಗ್ರಿ ಹೊಂದಿಸಬೇಕು. ಹೊಂದಿಸಬಹುದು, ಆದರೆ ಬಿಗಿಯಾಗಿ.

ನಿಮ್ಮ ದಾರಿ ರಾಮನಗರದ ರೈಲಿರಲಿ, ಹೊಸಕೋಟೆಯ ಬಸ್ಸಿರಲಿ, ಲೆಕ್ಕ ಹಾಕುವ ಕ್ರಮ ಇದೇ.

ಬೇಕಾಗುವುದು

ಚಂದಾ ಇರುವ ಒಂದು ಆಪ್ ಅಥವಾ ಯೂಟ್ಯೂಬ್, ಫೋನಿನಲ್ಲಿ ಕನಿಷ್ಠ 5 ಜಿಬಿ ಖಾಲಿ ಜಾಗ, ಇಯರ್‌ಫೋನ್. ಇಯರ್‌ಫೋನ್ ಬೇಕಿದ್ದರೆ ಇರಲಿ ಎನ್ನುವಂಥದ್ದಲ್ಲ. ಹೈಕೋರ್ಟಿನ ನಿರ್ದೇಶನದ ಮೇಲೆ ಕೆಎಸ್‌ಆರ್‌ಟಿಸಿ 2021ರಲ್ಲೇ ಬಸ್ಸಿನೊಳಗೆ ಫೋನಿನ ಸ್ಪೀಕರ್ ಜೋರಾಗಿ ಹಾಕುವುದನ್ನು ನಿಷೇಧಿಸಿದೆ. ಮೆಟ್ರೋದಲ್ಲೂ ಅದಕ್ಕೆ ಅವಕಾಶವಿಲ್ಲ.

ಚಂದಾದ ಬಗ್ಗೆ ಒಂದು ಮಾತು. ನೆಟ್‌ಫ್ಲಿಕ್ಸ್‌ನ ಮೊಬೈಲ್ ಯೋಜನೆಯಲ್ಲಿ ಒಂದು ಫೋನ್ ಅಥವಾ ಟ್ಯಾಬ್‌ಗೆ ಮಾತ್ರ ಡೌನ್‌ಲೋಡ್ ಮಾಡಬಹುದು, ಸ್ಟ್ಯಾಂಡರ್ಡ್ ಯೋಜನೆಯಲ್ಲಿ ಎರಡಕ್ಕೆ. ಹಳೆಯ ಫೋನ್ ಬಿಟ್ಟು ಹೊಸದು ತೆಗೆದುಕೊಂಡವರಿಗೆ ಡೌನ್‌ಲೋಡ್ ಆಗದಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಹಳೆಯ ಫೋನಿನ ಹೆಸರು ಇನ್ನೂ ಆ ಲೆಕ್ಕದಲ್ಲಿ ಉಳಿದಿರುತ್ತದೆ, ಅದನ್ನು ಖಾತೆಯ ಪುಟದಿಂದ ತೆಗೆಯಬೇಕು.

1. ರಾತ್ರಿ ಹನ್ನೆರಡರ ಗಡಿಯನ್ನು ಅರ್ಥ ಮಾಡಿಕೊಳ್ಳಿ

ದಿನಕ್ಕೆ 1.5 ಜಿಬಿ ಎಂದರೆ 1,536 ಎಂಬಿ. ಇದು ಮಧ್ಯರಾತ್ರಿ 12ಕ್ಕೆ ಹೊಸದಾಗಿ ತುಂಬುತ್ತದೆ. ಅಂದು ಉಳಿದದ್ದು ಹೆಚ್ಚಿನ ಪ್ಯಾಕ್‌ಗಳಲ್ಲಿ ಮರುದಿನಕ್ಕೆ ಸೇರುವುದಿಲ್ಲ, ಹಾಗೇ ಹೋಗುತ್ತದೆ. ನಾವು ಬಳಸಿಕೊಳ್ಳುವುದು ಇದನ್ನೇ. ರಾತ್ರಿ ಹತ್ತೂವರೆಗೆ ಉಳಿದಿರುವ ಡೇಟಾ ಹೇಗೂ ಒಂದೂವರೆ ಗಂಟೆಯಲ್ಲಿ ವ್ಯರ್ಥವಾಗುವಂಥದ್ದು. ನಾಳೆಯ ದಾರಿಗೆ ಬೇಕಾದದ್ದನ್ನು ಅದರಲ್ಲೇ ಡೌನ್‌ಲೋಡ್ ಮಾಡಬೇಕು.

ಮೊದಲು ಎಷ್ಟು ಉಳಿಯುತ್ತದೆಂದು ನೋಡಿ. ಮೂರು ದಿನ, ರಾತ್ರಿ ಹತ್ತೂವರೆಗೆ, ಮೈಜಿಯೊ, ಏರ್‌ಟೆಲ್ ಥ್ಯಾಂಕ್ಸ್ ಅಥವಾ ವಿಐ ಆಪ್ ತೆರೆದು ಉಳಿಕೆಯನ್ನು ಬರೆದಿಟ್ಟುಕೊಳ್ಳಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಡೇಟಾ ಲೆಕ್ಕವನ್ನು ಇದಕ್ಕೆ ನಂಬಬೇಡಿ. ಅದು ಫೋನ್ ತಾನೇ ಎಣಿಸಿದ್ದು, ಕಂಪನಿ ಎಣಿಸಿದ್ದಕ್ಕೆ ಪೂರ್ತಿ ಹೊಂದುವುದಿಲ್ಲ. ಕಡಿತವಾಗುವುದು ಕಂಪನಿಯ ಎಣಿಕೆಯ ಪ್ರಕಾರ.

ಮೂರು ದಿನಗಳಲ್ಲಿ ಕಡಿಮೆ ಬಂದ ಸಂಖ್ಯೆಯನ್ನೇ ಹಿಡಿಯಿರಿ. ಅದರಿಂದ 100 ಎಂಬಿ ಕಳೆಯಿರಿ. ಆಪ್‌ನ ಲೆಕ್ಕ ಸ್ವಲ್ಪ ತಡವಾಗಿ ಬದಲಾಗುವುದುಂಟು, ಜೊತೆಗೆ ವಾಟ್ಸಾಪ್ ಕರೆಗೋ ಯುಪಿಐ ಪಾವತಿಗೋ ಒಂದಿಷ್ಟು ಇರಬೇಕು. 600 ಉಳಿಯುತ್ತಿದ್ದರೆ ನಿಮ್ಮ ಕೈಗೆ ಸಿಗುವುದು 500.

ದಿನದ 1.5 ಜಿಬಿ ಮೀರಿದರೆ ಏನಾಗುತ್ತದೆ? ಡೇಟಾ ನಿಲ್ಲುವುದಿಲ್ಲ, ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಕೆಬಿಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಸಾವಿರ ಬಿಟ್ ಎಂಬ ಅಳತೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಎಂಬಿ ಜಿಬಿಗಳೆಲ್ಲ ಬೈಟ್ ಲೆಕ್ಕದವು. 64 ಕೆಬಿಪಿಎಸ್‌ನಲ್ಲಿ ಗಂಟೆಗೆ ಬರುವುದು 29 ಎಂಬಿಯಷ್ಟೇ. 300 ಎಂಬಿಯ ಒಂದು ಕಂತಿಗೆ ಹತ್ತು ಗಂಟೆ ಮೀರುತ್ತದೆ. ರಾತ್ರಿ ಹನ್ನೊಂದೂವರೆಗೆ ಡೌನ್‌ಲೋಡ್ ಶೇಕಡಾ 70ರಲ್ಲಿ ಅಂಟಿಕೊಂಡು ಕೂತಿದ್ದರೆ ಫೋನ್ ಕೆಟ್ಟಿಲ್ಲ, ದಿನದ ಪಾಲು ಮುಗಿದಿದೆ ಎಂದೇ ತಿಳಿಯಿರಿ.

ನಿಮ್ಮ ಪ್ಯಾಕಿನ ವಿವರವನ್ನೂ ಒಮ್ಮೆ ಓದಿ. ವಿಐನ ಕೆಲವು ಪ್ಯಾಕ್‌ಗಳಲ್ಲಿ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗಿನ ಬಳಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೋಮವಾರದಿಂದ ಶುಕ್ರವಾರದವರೆಗೆ ಉಳಿದದ್ದು ಶನಿವಾರ, ಭಾನುವಾರಕ್ಕೆ ಸಿಗುತ್ತದೆ. ಅಂಥ ಪ್ಯಾಕ್ ಇದ್ದವರು ಹನ್ನೆರಡಕ್ಕೆ ಮುಂಚೆ ಡೌನ್‌ಲೋಡ್ ಮಾಡುವುದೇ ತಪ್ಪು, ಹನ್ನೆರಡು ದಾಟಿದ ಮೇಲೆ ಶುರುಮಾಡಬೇಕು. ಜಿಯೊ, ಏರ್‌ಟೆಲ್‌ಗಳಲ್ಲಿ ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಪ್ಯಾಕ್‌ಗಳಿಗೆ 5ಜಿ ಬಳಕೆ ಎಣಿಕೆಗೆ ಬಾರದೆ ಸಿಗುತ್ತದೆ. ಇಲ್ಲೊಂದು ತೊಡಕು ಇದೆ. ಮಲಗುವ ಕೋಣೆಯಲ್ಲಿ 5ಜಿ ಸಿಗ್ನಲ್ ಕುಂದಿದರೆ ಫೋನ್ ತಾನಾಗಿ 4ಜಿಗೆ ಇಳಿಯುತ್ತದೆ, ಆಗ ಪ್ರತಿ ಎಂಬಿಯೂ ದಿನದ ಪಾಲಿನಿಂದಲೇ ಹೋಗುತ್ತದೆ. ಮೇಲಿನ ಪಟ್ಟಿಯಲ್ಲಿ 5G ಎಂದು ಸ್ಥಿರವಾಗಿ ಕಾಣುವ ಕಿಟಕಿಯ ಪಕ್ಕವೋ ಮಹಡಿಯ ಮೇಲೋ ಫೋನ್ ಇಟ್ಟು ಡೌನ್‌ಲೋಡ್ ಮಾಡಿ.

2. ಆಪ್‌ನ ಎರಡು ಸ್ವಿಚ್‌ಗಳನ್ನು ಬೇರೆ ಬೇರೆ ತಿರುಗಿಸಿ

ಡೇಟಾ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಬಹುತೇಕ ಆಪ್‌ಗಳಲ್ಲಿ ವೈಫೈಗೆ ಸಂಬಂಧಿಸಿದ ಎರಡು ಸ್ವಿಚ್‌ಗಳಿರುತ್ತವೆ. ಒಂದು ಡೌನ್‌ಲೋಡಿಗೆ, ಇನ್ನೊಂದು ಸ್ಟ್ರೀಮಿಂಗಿಗೆ, ಅಂದರೆ ಫೋನಿನಲ್ಲಿ ಉಳಿಸಿಕೊಳ್ಳದೆ ನೆಟ್‌ನಿಂದ ನೇರವಾಗಿ ನೋಡುವುದಕ್ಕೆ. ಮನೆಯಲ್ಲಿ ವೈಫೈ ಇಲ್ಲದವರಿಗೆ ಇವೆರಡೂ ತದ್ವಿರುದ್ಧವಾಗಿ ಇರಬೇಕು: ಡೌನ್‌ಲೋಡ್ ಮೊಬೈಲ್ ಡೇಟಾದಲ್ಲೂ ಆಗಲಿ, ಸ್ಟ್ರೀಮಿಂಗ್ ವೈಫೈಯಲ್ಲಿ ಮಾತ್ರ ಆಗಲಿ.

ನೆಟ್‌ಫ್ಲಿಕ್ಸ್‌ನಲ್ಲಿ ಮೆನುವಿನೊಳಗಿನ "App Settings" ತೆರೆಯಿರಿ. ಡೌನ್‌ಲೋಡ್‌ಗಳ ಭಾಗದಲ್ಲಿ "Wi-Fi Only" ಎಂಬುದನ್ನು ಆಫ್ ಮಾಡಿ. ಮೇಲೆ ವಿಡಿಯೊ ಭಾಗದಲ್ಲಿ ಮೊಬೈಲ್ ಡೇಟಾ ಬಳಕೆ ಎಂಬ ಬೇರೆ ಸಾಲು ಇದೆ. ಅದನ್ನು ಸ್ವಯಂಚಾಲಿತದಿಂದ ತೆಗೆದು ಅಲ್ಲಿ "Wi-Fi Only" ಆರಿಸಿ. ಹೆಸರು ಎರಡೂ ಕಡೆ ಒಂದೇ ಆಗಿರುವುದರಿಂದ ಜನ ಒಂದನ್ನು ಬದಲಿಸಿ ಎರಡೂ ಆಯಿತೆಂದುಕೊಳ್ಳುತ್ತಾರೆ. ಪ್ರೈಮ್ ವಿಡಿಯೊದಲ್ಲೂ ಸೆಟ್ಟಿಂಗ್ಸ್‌ನ ಸ್ಟ್ರೀಮಿಂಗ್ ಮತ್ತು ಡೌನ್‌ಲೋಡಿಂಗ್ ಭಾಗದಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಿ.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ದಾರಿಯಲ್ಲಿ ನೀವು ಡೌನ್‌ಲೋಡ್ ಆಗಿದ್ದ ಮೂರನೇ ಕಂತು ನೋಡಿ ಮುಗಿಸುತ್ತೀರಿ. ಆಪ್ ಐದಾರು ಸೆಕೆಂಡ್ ಕಾದು ನಾಲ್ಕನೆಯದನ್ನು ಶುರುಮಾಡುತ್ತದೆ. ಅದು ಫೋನಿನಲ್ಲಿ ಇಲ್ಲದಿದ್ದರೆ, ಡೇಟಾ ಆನ್ ಇದ್ದರೆ, ನೆಟ್‌ನಿಂದ ಹರಿಯತೊಡಗುತ್ತದೆ. ಪರದೆಯ ಮೇಲೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಸಂಜೆ ಹೊತ್ತಿಗೆ ಪಾಲು ಮುಗಿದಿರುವ ಸಂದೇಶ ಬಂದಾಗಲೇ ಗೊತ್ತಾಗುವುದು.

ಯೂಟ್ಯೂಬ್‌ನಲ್ಲಿ ವೈಫೈಯಲ್ಲಿ ಮಾತ್ರ ಡೌನ್‌ಲೋಡ್ ಎಂಬ ಆಯ್ಕೆ ಇದೆ. ಆದರೆ ಮೊಬೈಲ್ ಡೇಟಾದಲ್ಲಿ ನೋಡುವುದನ್ನೇ ತಡೆಯುವ ಸ್ವಿಚ್ ನೆಚ್ಚಿಕೊಳ್ಳುವ ಹಾಗೆ ಇಲ್ಲ. ಅಲ್ಲಿ ಸುಲಭದ ದಾರಿ, ರೈಲು ಹತ್ತಿದ ಮೇಲೆ ಫೋನಿನ ಮೊಬೈಲ್ ಡೇಟಾವನ್ನೇ ಆಫ್ ಮಾಡುವುದು. ಕರೆಗಳು ಬರುತ್ತಲೇ ಇರುತ್ತವೆ.

ಇದೇ ವೇಳೆಯಲ್ಲಿ ಸ್ಮಾರ್ಟ್ ಡೌನ್‌ಲೋಡ್ ಎಂಬುದನ್ನೂ ಆಫ್ ಮಾಡಿಬಿಡಿ. ನೋಡಿ ಮುಗಿದ ಕಂತನ್ನು ಅಳಿಸಿ ಮುಂದಿನದನ್ನು ತಾನೇ ತರುವ ಸೌಲಭ್ಯ ಅದು. ವೈಫೈ ಇದ್ದವರಿಗೆ ಒಳ್ಳೆಯದು. ನಿಮಗೆ ಅದು ಮಾಡುವ ಉಪಕಾರವೆಂದರೆ, ಯಾರದೋ ಹಾಟ್‌ಸ್ಪಾಟ್‌ಗೆ ಸೇರಿಕೊಂಡಾಗ ಕೇಳದೆಯೇ ಕೆಲಸ ಶುರುಮಾಡುವುದು.

3. ಗುಣಮಟ್ಟ ಇಳಿಸಿ, ಆಮೇಲೆ ಅಳೆಯಿರಿ

ಡೌನ್‌ಲೋಡ್ ಗುಣಮಟ್ಟವನ್ನು ನೆಟ್‌ಫ್ಲಿಕ್ಸ್‌ನಲ್ಲಿ "Standard", ಪ್ರೈಮ್‌ನಲ್ಲಿ "Good" ಅಥವಾ "Data Saver" ಮಾಡಿಕೊಳ್ಳಿ. ಆರೂವರೆ ಇಂಚಿನ ಪರದೆಯನ್ನು ಅಲುಗಾಡುವ ಬಸ್ಸಿನಲ್ಲಿ ಹಿಡಿದು ನೋಡುವಾಗ 480ಪಿಗೂ ಅದಕ್ಕಿಂತ ಮೇಲಿನದಕ್ಕೂ ಇರುವ ಅಂತರ ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ. 480ಪಿ ಎಂದರೆ ಚಿತ್ರದ ಎತ್ತರದಲ್ಲಿ 480 ಸಾಲು ಚುಕ್ಕೆಗಳು.

ಕೆಲವು ಫೋನ್‌ಗಳಲ್ಲಂತೂ ಹೆಚ್ಚಿನ ಗುಣಮಟ್ಟ ಆರಿಸಿಯೂ ಪ್ರಯೋಜನವಿಲ್ಲ. ಕದ್ದು ನಕಲು ಮಾಡದಂತೆ ವಿಡಿಯೊಗೆ ಹಾಕುವ ಬೀಗಕ್ಕೆ ವೈಡ್‌ವೈನ್ ಎಂದು ಹೆಸರು. ಫೋನಿನಲ್ಲಿ ಅದರ ಎಲ್1 ಮಟ್ಟ ಇದ್ದರೆ ಎಚ್‌ಡಿ ಸಿಗುತ್ತದೆ, ಎಲ್3 ಇದ್ದರೆ 480ಪಿಗೆ ನಿಲ್ಲುತ್ತದೆ. ಆಂಡ್ರಾಯ್ಡ್‌ನ ನೆಟ್‌ಫ್ಲಿಕ್ಸ್ ಆಪ್‌ನಲ್ಲಿ "App Settings" ಒಳಗೆ "Playback Specification" ಎಂಬಲ್ಲಿ ನಿಮ್ಮ ಫೋನಿನದು ಯಾವುದೆಂದು ಬರೆದಿರುತ್ತದೆ.

ಒಂದು ಕಂತು ಎಷ್ಟು ಎಂಬಿ ಎಂದು ಡೌನ್‌ಲೋಡಿಗೆ ಮುಂಚೆ ಎಲ್ಲ ಆಪ್‌ಗಳೂ ಹೇಳುವುದಿಲ್ಲ. ಹಾಗಾಗಿ ನೀವೇ ಅಳೆಯಬೇಕು. ನೋಡಬೇಕೆಂದಿರುವ ಸರಣಿಯ ಒಂದೇ ಒಂದು ಕಂತನ್ನು ಡೌನ್‌ಲೋಡ್ ಮಾಡಿ. ಡೌನ್‌ಲೋಡ್‌ಗಳ ಪಟ್ಟಿಯಲ್ಲಿ ಅದರ ಹೆಸರಿನ ಕೆಳಗೆ ಗಾತ್ರ ಕಾಣುತ್ತದೆ. ಅದನ್ನು ನಿಮಿಷಗಳಿಂದ ಭಾಗಿಸಿ 60ರಿಂದ ಗುಣಿಸಿ. 44 ನಿಮಿಷದ ಕಂತು 220 ಎಂಬಿ ಇದ್ದರೆ ಗಂಟೆಗೆ 300 ಎಂಬಿ ಆಯಿತು. ಅದೇ ಸರಣಿಯ ಉಳಿದ ಕಂತುಗಳೂ ಸರಿಸುಮಾರು ಇದೇ ದರದಲ್ಲಿ ಇರುತ್ತವೆ, ಒಂದೊಂದು ಕಂತಿನಲ್ಲಿ ಓಟ, ಹೊಡೆದಾಟ ಹೆಚ್ಚಿದ್ದರೆ ಏರುತ್ತದೆ. ಈ ಗಂಟೆಗೆ ಇಷ್ಟು ಎಂಬ ಸಂಖ್ಯೆಯೇ ಮುಂದಿನ ಎಲ್ಲ ಲೆಕ್ಕದ ಬುನಾದಿ.

ಒಂದಕ್ಕಿಂತ ಹೆಚ್ಚು ಭಾಷೆಯ ಧ್ವನಿ ಇರುವ ಚಿತ್ರಗಳಲ್ಲಿ, ಆಪ್ ಕೇಳಿದರೆ, ನಿಮಗೆ ಬೇಕಾದ ಒಂದೇ ಭಾಷೆಯನ್ನು ಆರಿಸಿ. ಧ್ವನಿಯ ಪಾಲು ಚಿಕ್ಕದೆಂದು ತೋರಬಹುದು. ಆದರೆ 128 ಕೆಬಿಪಿಎಸ್‌ನ ಒಂದು ಧ್ವನಿಗೆ ಗಂಟೆಗೆ 58 ಎಂಬಿ ಬೇಕು. ಗಂಟೆಗೆ 300 ಎಂಬಿಯ ವಿಡಿಯೊದಲ್ಲಿ ನಾಲ್ಕು ಭಾಷೆ ಕಟ್ಟಿಕೊಂಡು ಬಂದರೆ ಗಾತ್ರ ಒಂದೂವರೆ ಪಟ್ಟು ದಾಟುತ್ತದೆ. ಸಬ್‌ಟೈಟಲ್ ಬರೀ ಅಕ್ಷರಗಳಾದ್ದರಿಂದ ಲೆಕ್ಕಕ್ಕಿಲ್ಲ.

4. ಏನನ್ನು ಆರಿಸಬೇಕು

ರುಚಿ ನಿಮ್ಮದು, ಅದರಲ್ಲಿ ನಾವು ತಲೆ ಹಾಕುವುದಿಲ್ಲ. ಆದರೆ ಡೇಟಾದ ದೃಷ್ಟಿಯಿಂದ ಎಲ್ಲ ಗಂಟೆಗಳೂ ಒಂದೇ ಅಲ್ಲ, ಅದಕ್ಕೊಂದು ಕಾರಣವಿದೆ.

ವಿಡಿಯೊವನ್ನು ಕುಗ್ಗಿಸುವಾಗ ಪ್ರತಿ ಚಿತ್ರವನ್ನೂ ಪೂರ್ತಿ ಬರೆದಿಡುವುದಿಲ್ಲ. ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಅದನ್ನಷ್ಟೇ ಬರೆದಿಡುತ್ತಾರೆ. ಇಬ್ಬರು ಕುಳಿತು ಮಾತಾಡುವ ದೃಶ್ಯದಲ್ಲಿ ಗೋಡೆ, ಕುರ್ಚಿ, ಕಿಟಕಿ ಯಾವುದೂ ಬದಲಾಗುವುದಿಲ್ಲ, ತುಟಿ ಕೈ ಆಡುತ್ತವೆ ಅಷ್ಟೇ. ಮಳೆ, ಧೂಳು, ಅಲೆ, ಜಾತ್ರೆಯ ಜನ, ಓಡುವ ಕ್ಯಾಮೆರಾ ಇದ್ದರೆ ಎಲ್ಲವೂ ಕ್ಷಣಕ್ಷಣಕ್ಕೂ ಬದಲು. ನೆಟ್‌ಫ್ಲಿಕ್ಸ್ 2015ರ ಕೊನೆಯಿಂದ ಪ್ರತಿ ಚಿತ್ರಕ್ಕೂ ಅದರದರ ಸ್ವಭಾವಕ್ಕೆ ತಕ್ಕ ಹಾಗೆ ಡೇಟಾ ಹಂಚುತ್ತಿದೆ. ಸರಳ ಬಣ್ಣಗಳ ಕಾರ್ಟೂನಿಗೆ ಕಡಿಮೆ, ಸಾಹಸ ಚಿತ್ರಕ್ಕೆ ಹೆಚ್ಚು. ಆದ್ದರಿಂದ ಒಂದೇ ಸೆಟ್ಟಿಂಗಿನಲ್ಲಿ ಮಾತುಕತೆಯ ಸರಣಿಯ ಒಂದು ಗಂಟೆಗೂ ಯುದ್ಧದ ಚಿತ್ರದ ಒಂದು ಗಂಟೆಗೂ ಗಾತ್ರದಲ್ಲಿ ಎದ್ದು ಕಾಣುವ ವ್ಯತ್ಯಾಸ ಬರುತ್ತದೆ.

ಮನೆಯೊಳಗಿನ ಕಥೆಗಳು, ನ್ಯಾಯಾಲಯದ ಕಥೆಗಳು, ಸಂದರ್ಶನ, ಸ್ಟ್ಯಾಂಡಪ್, ಅನಿಮೇಷನ್ ದಾರಿಗೆ ಹೊಂದುತ್ತವೆ. ನೃತ್ಯ ಸ್ಪರ್ಧೆ, ಪಂದ್ಯಗಳ ಮರುಪ್ರಸಾರ, ಕಾಡು ಪ್ರಾಣಿಗಳ ಸಾಕ್ಷ್ಯಚಿತ್ರ ಡೇಟಾವನ್ನು ನುಂಗುತ್ತವೆ, ಮೇಲಾಗಿ ಕಡಿಮೆ ಗುಣಮಟ್ಟದಲ್ಲಿ ಮಸುಕಾಗಿ ಅವುಗಳ ಸೊಗಸೇ ಹೋಗುತ್ತದೆ. ಅಂಥವನ್ನು ಟಿವಿಗೆ ಬಿಡಿ.

ಬಹುಪಾಲು ಕತ್ತಲೆಯಲ್ಲೇ ನಡೆಯುವ ಕಥೆಗಳನ್ನೂ ಬಿಡಿ. ಬೆಳಗಿನ ಬಿಸಿಲು ಕಿಟಕಿಯಿಂದ ಪರದೆಗೆ ಬಿದ್ದಾಗ ನಿಮ್ಮದೇ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ಸಬ್‌ಟೈಟಲ್ ಇರುವುದನ್ನು ಆರಿಸಿದರೆ ಸುರಂಗದ ಸದ್ದಿನಲ್ಲೂ ಮಾತು ತಪ್ಪುವುದಿಲ್ಲ, ಧ್ವನಿ ಏರಿಸಬೇಕಾಗಿಯೂ ಇಲ್ಲ.

ಉದ್ದದ ವಿಷಯ. ಒಂದೂಕಾಲು ಗಂಟೆಯ ದಾರಿಗೆ 44 ನಿಮಿಷದ ಒಂದು ಕಂತು ಹಾಗೂ 22 ನಿಮಿಷದ ಒಂದು ಕಂತು ಸೇರಿದರೆ 66 ನಿಮಿಷ. ಹತ್ತಿ ಜಾಗ ಹಿಡಿಯಲು, ಇಳಿಯುವ ಮುಂಚೆ ಫೋನ್ ಒಳಗಿಡಲು ಒಂಬತ್ತು ನಿಮಿಷ ಉಳಿಯುತ್ತದೆ. ಎರಡೂವರೆ ಗಂಟೆಯ ಸಿನಿಮಾ ಹೋಗುವಾಗ ಅರ್ಧ, ಬರುವಾಗ ಅರ್ಧ ಎಂದು ಚೆನ್ನಾಗಿ ಹೊಂದುತ್ತದೆ. ಆದರೆ ಅದು ಒಟ್ಟಿಗೇ 750 ಎಂಬಿಯಷ್ಟು ಕೇಳುತ್ತದೆ. ಒಂದು ರಾತ್ರಿಯ 500 ಎಂಬಿಯಲ್ಲಿ ಮುಗಿಯದು. ಸಿನಿಮಾಗಳ ಡೌನ್‌ಲೋಡನ್ನು ವಾರದ ಕೊನೆಗೆ ಇಟ್ಟುಕೊಳ್ಳಿ.

ಹೆಸರಿನ ಪಕ್ಕ ಕೆಳಮುಖ ಬಾಣದ ಗುರುತು ಇಲ್ಲದಿದ್ದರೆ ಅದನ್ನು ಡೌನ್‌ಲೋಡ್ ಮಾಡಲಾಗದು. ಆಪ್‌ನವರಿಗೆ ಆ ಹಕ್ಕು ಸಿಕ್ಕಿಲ್ಲ ಎಂದರ್ಥ, ಫೋನಿನಲ್ಲಿ ಹುಡುಕಾಡಿ ಪ್ರಯೋಜನವಿಲ್ಲ. ಇನ್ನು ಕೆಲವೇ ದಿನಗಳಲ್ಲಿ ಹೋಗುತ್ತದೆ ಎಂದು ಬರೆದಿರುವುದನ್ನು ವಾರದ ದಾಸ್ತಾನಿಗೆ ಸೇರಿಸಬೇಡಿ. ಆಪ್‌ನಿಂದ ಅದು ಹೋದ ದಿನ ನಿಮ್ಮ ಫೋನಿನಲ್ಲಿರುವ ಪ್ರತಿಯೂ ತೆರೆಯುವುದಿಲ್ಲ.

5. ರಾತ್ರಿಯ ಕೆಲಸ

ಹತ್ತೂವರೆಗೆ ಉಳಿಕೆ ನೋಡಿ, 100 ಕಳೆದು, ಅಷ್ಟರೊಳಗೆ ಬರುವುದನ್ನು ಸಾಲಿಗೆ ಹಾಕಿ. ಹನ್ನೊಂದೂವರೆಯ ಮೇಲೆ ಹೊಸದನ್ನು ಶುರುಮಾಡಬೇಡಿ. ಹನ್ನೆರಡು ದಾಟಿದ ಮೇಲೆ ಬರುವ ಭಾಗ ನಾಳೆಯ ಪಾಲಿನಿಂದ ಹೋಗುತ್ತದೆ, ಇಂದಿನದು ಹೇಗೂ ಹೋಯಿತು.

ಎಷ್ಟು ಹೊತ್ತು ಬೇಕು? ಎಂಬಿಯನ್ನು 8ರಿಂದ ಗುಣಿಸಿ, ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ದಶಲಕ್ಷ ಬಿಟ್ ಎಂಬ ವೇಗದಿಂದ ಭಾಗಿಸಿದರೆ ಸೆಕೆಂಡ್ ಸಿಗುತ್ತದೆ. 500 ಎಂಬಿಗೆ 5 ಎಂಬಿಪಿಎಸ್ ವೇಗದಲ್ಲಿ 800 ಸೆಕೆಂಡ್, ಸುಮಾರು 13 ನಿಮಿಷ. ಎಲ್ಲರೂ ಫೋನ್ ಹಿಡಿದು ಕೂತಿರುವ ಹೊತ್ತಿನಲ್ಲಿ ವೇಗ 1.5ಕ್ಕೆ ಇಳಿದರೆ ಮುಕ್ಕಾಲು ಗಂಟೆ. ಹತ್ತೂಮುಕ್ಕಾಲಿಗೆ ಶುರುಮಾಡಿದರೆ ಎರಡೂ ಸ್ಥಿತಿಯಲ್ಲಿ ಮುಗಿಯುತ್ತದೆ.

ಶುರುಮಾಡಿ ಮಲಗಿ, ಬೆಳಿಗ್ಗೆ ನೋಡಿದರೆ ಶೇಕಡಾ 12ರಲ್ಲೇ ನಿಂತಿರುವುದು ಎಲ್ಲರ ದೂರು. ಇದಕ್ಕೆ ಕಾರಣ ಸಾಮಾನ್ಯವಾಗಿ ಫೋನಿನ ಬ್ಯಾಟರಿ ಉಳಿತಾಯ. ಪರದೆ ಆರಿದ ಮೇಲೆ ಹಿನ್ನೆಲೆಯ ಕೆಲಸಗಳನ್ನು ಅದು ನಿಲ್ಲಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಆ ಆಪ್‌ನ ಬ್ಯಾಟರಿ ಸೆಟ್ಟಿಂಗನ್ನು "Unrestricted" ಮಾಡಿ, ಫೋನನ್ನು ಚಾರ್ಜಿಗೆ ಹಾಕಿ, ಇತ್ತೀಚಿನ ಆಪ್‌ಗಳ ಸಾಲಿನಿಂದ ಅದನ್ನು ಉಜ್ಜಿ ತೆಗೆಯಬೇಡಿ. ಐಫೋನ್‌ನಲ್ಲಿ ಆಪ್ ತೆರೆದೇ ಇಡುವುದು ಹೆಚ್ಚು ಭದ್ರ.

ಡೌನ್‌ಲೋಡ್ ನಡೆಯುವಾಗಲೇ ರೀಲ್ಸ್ ನೋಡುತ್ತಾ ಕೂತರೆ ಲೆಕ್ಕವೆಲ್ಲ ತಲೆಕೆಳಗು. ಪ್ಲೇ ಸ್ಟೋರಿನ ಅಪ್‌ಡೇಟ್ ವೈಫೈಯಲ್ಲಿ ಮಾತ್ರ ಆಗುವಂತೆಯೂ, ವಾಟ್ಸಾಪ್‌ನಲ್ಲಿ ಮೊಬೈಲ್ ಡೇಟಾ ಇರುವಾಗ ವಿಡಿಯೊ ತಾನಾಗಿ ಬರದಂತೆಯೂ ಒಮ್ಮೆ ಸರಿಮಾಡಿಟ್ಟರೆ ಸಾಕು. ಕುಟುಂಬದ ಗುಂಪಿನ ಶುಭೋದಯದ ವಿಡಿಯೊಗಳು ತಿನ್ನುತ್ತಿದ್ದ ಡೇಟಾ ನಿಮಗೆ ಉಳಿಯುತ್ತದೆ.

6. ಪರೀಕ್ಷೆ, ಮತ್ತು 48 ಗಂಟೆಯ ಗಡಿಯಾರ

ಮಲಗುವ ಮುಂಚೆ ಏರೋಪ್ಲೇನ್ ಮೋಡ್ ಹಾಕಿ, ನಾಳೆ ನೋಡಲಿರುವ ಕಂತನ್ನು ಡೌನ್‌ಲೋಡ್‌ಗಳ ಪಟ್ಟಿಯಿಂದ ತೆರೆದು ಹತ್ತು ಸೆಕೆಂಡ್ ಓಡಿಸಿ. ಓಡಿದರೆ ದಾರಿಯಲ್ಲೂ ಓಡುತ್ತದೆ. ಪರವಾನಗಿಯ ದೋಷ ಕಂಡರೆ ಡೇಟಾ ಆನ್ ಮಾಡಿ ಒಮ್ಮೆ ತೆರೆಯಿರಿ, ಸಾಮಾನ್ಯವಾಗಿ ಸರಿಹೋಗುತ್ತದೆ. ಪರವಾನಗಿ ಎಂದರೆ ಆ ವಿಡಿಯೊ ತೆರೆಯಲು ಆಪ್ ಕೊಡುವ, ಅವಧಿ ಇರುವ ಒಂದು ಬೀಗದ ಕೈ. ಅದು ಕೆಲವೇ ಕೆಬಿ. ಕಂತನ್ನೇ ಅಳಿಸಿ ಮತ್ತೆ ಡೌನ್‌ಲೋಡ್ ಮಾಡಲು ಆತುರಪಡಬೇಡಿ, 220 ಎಂಬಿ ಸುಮ್ಮನೆ ಹೋಗುತ್ತದೆ.

ಆದರೆ ನಾಳೆಯದನ್ನು ಮಾತ್ರ ಪರೀಕ್ಷಿಸಿ, ನಾಡಿದ್ದಿನದನ್ನಲ್ಲ. ಪ್ರೈಮ್ ವಿಡಿಯೊದಲ್ಲಿ ಡೌನ್‌ಲೋಡ್ ಮಾಡಿದ್ದನ್ನು ನೋಡಲು ಶುರುಮಾಡುವುದಕ್ಕೆ ಸಾಮಾನ್ಯವಾಗಿ 30 ದಿನ ಸಮಯವಿದೆ. ಒಮ್ಮೆ ಪ್ಲೇ ಒತ್ತಿದ ಮೇಲೆ 48 ಗಂಟೆಯಲ್ಲಿ ಮುಗಿಸಬೇಕು. ನೆಟ್‌ಫ್ಲಿಕ್ಸ್‌ನಲ್ಲೂ ಕೆಲವು ಚಿತ್ರಗಳಿಗೆ ಇಂಥ 48 ಗಂಟೆಯ ನಿಯಮವಿದೆ. ಉಳಿದ ಅವಧಿ ಏಳು ದಿನಕ್ಕಿಂತ ಕಡಿಮೆಯಾದಾಗ ಡೌನ್‌ಲೋಡ್‌ಗಳ ಪಟ್ಟಿಯಲ್ಲಿ ತೋರಿಸುತ್ತದೆ. ಭಾನುವಾರ ರಾತ್ರಿ ಡೌನ್‌ಲೋಡ್ ಮಾಡಿದ ಸಿನಿಮಾವನ್ನು ಸರಿಯಾಗಿದೆಯೇ ನೋಡೋಣವೆಂದು ಆಗಲೇ ಹತ್ತು ಸೆಕೆಂಡ್ ಓಡಿಸಿದರೆ ಮಂಗಳವಾರ ರಾತ್ರಿಗೆ ಅದು ಮುಚ್ಚಿಕೊಳ್ಳುತ್ತದೆ. ಬುಧವಾರ ರೈಲಿನಲ್ಲಿ ತೆರೆದಾಗ ಅವಧಿ ಮುಗಿದಿದೆ ಎಂಬ ಸಾಲು ಮಾತ್ರ ಸಿಗುತ್ತದೆ. ವಾರಕ್ಕೆಂದು ಕೂಡಿಟ್ಟದ್ದರಲ್ಲಿ ಡೌನ್‌ಲೋಡ್ ಪೂರ್ತಿಯಾದ ಗುರುತೂ ಗಾತ್ರವೂ ಇದ್ದರೆ ಸಾಕು, ಮುಟ್ಟದೆ ಬಿಡಿ.

ಯೂಟ್ಯೂಬ್‌ನಲ್ಲಿ ನಮ್ಮ ದೇಶದಲ್ಲಿ ಚಂದಾ ಇಲ್ಲದೆಯೂ ಅನೇಕ ವಿಡಿಯೊಗಳನ್ನು ಆಪ್‌ನೊಳಗೇ ಉಳಿಸಿಕೊಳ್ಳಬಹುದು. ಹೆಚ್ಚಿನವು 29 ದಿನ ಬರುತ್ತವೆ, ಕೆಲವು 48 ಗಂಟೆ ಮಾತ್ರ. ಡೌನ್‌ಲೋಡ್ ಗುಂಡಿ ಒತ್ತಿದರೆ ಪ್ರೀಮಿಯಂ ಚಂದಾ ಕೇಳಿದರೆ ಆ ವಿಡಿಯೊಗೆ ಉಚಿತ ಅವಕಾಶವಿಲ್ಲ ಎಂದು ಮುಂದೆ ಹೋಗಿ.

ಮೆಮೊರಿ ಕಾರ್ಡಿನಲ್ಲಿ ಇಟ್ಟವರಿಗೆ ಒಂದು ಎಚ್ಚರಿಕೆ. ಕಾರ್ಡನ್ನು ತೆಗೆದು ಬೇರೆ ಫೋನಿಗೆ ಹಾಕಿದರೆ ಇವು ಓಡುವುದಿಲ್ಲ. ಬೀಗದ ಕೈ ಮೊದಲಿನ ಫೋನಿನಲ್ಲೇ ಉಳಿದಿರುತ್ತದೆ.

7. ಒಂದು ವಾರದ ಲೆಕ್ಕ

ಕೆಂಗೇರಿಯ ನಮ್ಮ ಪ್ರಯಾಣಿಕರಿಗೆ ದಿನಕ್ಕೆ ಎರಡೂವರೆ ಗಂಟೆ, ಐದು ದಿನಕ್ಕೆ ಹನ್ನೆರಡೂವರೆ ಗಂಟೆ. ಗಂಟೆಗೆ 300 ಎಂಬಿಯಂತೆ 3,750 ಎಂಬಿ ಬೇಕು. ಕೆಲಸದ ದಿನಗಳ ಐದು ರಾತ್ರಿ 500ರಂತೆ 2,500 ಸಿಗುತ್ತದೆ. ಶನಿವಾರ, ಭಾನುವಾರ ದಾರಿಯಲ್ಲಿ ಮ್ಯಾಪ್, ರೀಲ್ಸ್ ಇಲ್ಲದಿರುವುದರಿಂದ ಉಳಿಕೆ ಸ್ವಲ್ಪ ಹೆಚ್ಚು. 100 ಕಳೆದ ಮೇಲೂ 700ರಂತೆ ಹಿಡಿದರೆ 1,400. ಒಟ್ಟು 3,900. ಬೇಕಾದದ್ದಕ್ಕಿಂತ 150 ಎಂಬಿ ಮಾತ್ರ ಹೆಚ್ಚು.

ಹೀಗೆ ಹಂಚಿಕೊಳ್ಳಬಹುದು. ಶುಕ್ರವಾರ ರಾತ್ರಿ 500, ಶನಿವಾರ 700, ಭಾನುವಾರ 700, ಒಟ್ಟು 1,900 ಎಂಬಿ ಸೋಮವಾರ ಬೆಳಿಗ್ಗೆ ಕೈಯಲ್ಲಿರುತ್ತದೆ. ಅದು ಎರಡೂವರೆ ದಿನದ ಸಾಮಗ್ರಿ. ಸೋಮವಾರ 750 ಖರ್ಚಾಗಿ ರಾತ್ರಿ 500 ಸೇರಿದರೆ 1,650. ಮಂಗಳವಾರದ ಕೊನೆಗೆ 1,400, ಬುಧವಾರದ ಕೊನೆಗೆ 1,150, ಗುರುವಾರದ ಕೊನೆಗೆ 900. ಶುಕ್ರವಾರ 750 ನೋಡಿದ ಮೇಲೆ 150 ಉಳಿಯುತ್ತದೆ. ಶನಿವಾರದ 700ರಲ್ಲಿ ಒಂದು ಸಿನಿಮಾದ ಬಹುಪಾಲು ಬರುತ್ತದೆ. ಅದನ್ನು ಹನ್ನೊಂದೂಮುಕ್ಕಾಲಿಗೆ ತಡೆದು ನಿಲ್ಲಿಸಿ, ಭಾನುವಾರ ರಾತ್ರಿ ಮುಂದುವರಿಸಿ. ಆಪ್‌ಗಳಲ್ಲಿ ಡೌನ್‌ಲೋಡನ್ನು ಮಧ್ಯೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು.

ಒಂದು ರಾತ್ರಿ ತಪ್ಪಿದರೂ ಶುಕ್ರವಾರ ಸಂಜೆಯ ದಾರಿಗೆ ಏನೂ ಇರುವುದಿಲ್ಲ. ಅಂಥ ವಾರಕ್ಕೆ ವಿಡಿಯೊ ಬದಲು ಕೇಳುವ ಸಾಮಗ್ರಿ ಒಂದಿಷ್ಟು ಇರಲಿ. 64 ಕೆಬಿಪಿಎಸ್‌ನ ಪಾಡ್‌ಕಾಸ್ಟ್ ಗಂಟೆಗೆ 29 ಎಂಬಿ. ಆ 150 ಎಂಬಿಯಲ್ಲಿ ಐದು ಗಂಟೆಯದು ಬರುತ್ತದೆ. ಸಂಜೆಯ ನೂಕುನುಗ್ಗಲಿನಲ್ಲಿ ನಿಂತು ಹೋಗುವವರಿಗೆ ಹೇಗೂ ಕೇಳುವುದೇ ವಾಸಿ.

ಹೊರಗಿನ ವೈಫೈ, ಹಾಟ್‌ಸ್ಪಾಟ್

ಅನೇಕ ರೈಲ್ವೆ ನಿಲ್ದಾಣಗಳಲ್ಲಿ ರೈಲ್‌ಟೆಲ್‌ನ ರೈಲ್‌ವೈರ್ ವೈಫೈ ಇದೆ. ಮೊಬೈಲ್ ಸಂಖ್ಯೆಗೆ ಬರುವ ಒಟಿಪಿ ಕೊಟ್ಟು ಸೇರಿದರೆ ದಿನಕ್ಕೆ ಮೊದಲ 30 ನಿಮಿಷ, 1 ಎಂಬಿಪಿಎಸ್ ವೇಗದಲ್ಲಿ ಉಚಿತ. ಲೆಕ್ಕ ಹಾಕಿದರೆ ಅರ್ಧ ಗಂಟೆಗೆ ಹೆಚ್ಚೆಂದರೆ 225 ಎಂಬಿ, ಒಂದು ಕಂತು. ರೈಲಿಗಾಗಿ ಕಾಯುವವರಿಗೆ ಇದು ಲಾಭ, ಇದಕ್ಕಾಗಿಯೇ ಮೆಟ್ರೋದಿಂದ ಇಳಿದು ಹೋಗುವಷ್ಟಲ್ಲ. ಇಂಥ ತೆರೆದ ವೈಫೈಯಲ್ಲಿ ಬ್ಯಾಂಕಿನ ಆಪ್ ತೆರೆಯದಿರುವುದು ಒಳ್ಳೆಯದು.

ಟ್ಯಾಬ್‌ನಲ್ಲಿ ನೋಡುವವರು ಫೋನಿನ ಹಾಟ್‌ಸ್ಪಾಟ್ ಕೊಟ್ಟು ಡೌನ್‌ಲೋಡ್ ಮಾಡುತ್ತಾರೆ. ಟ್ಯಾಬ್‌ಗೆ ಅದು ಮೊಬೈಲ್ ಡೇಟಾ ಎಂದು ಗೊತ್ತಾಗದೆ ಹೋಗಬಹುದು, ಅದರ ಪಾಲಿಗೆ ಅದೂ ವೈಫೈಯೇ. ಎರಡನೇ ಹಂತದಲ್ಲಿ ಹಾಕಿದ ಕಾವಲೆಲ್ಲ ಅಲ್ಲಿ ನಿಷ್ಪ್ರಯೋಜಕ. ಆಪ್ ಅಪ್‌ಡೇಟ್, ಫೋಟೊ ಬ್ಯಾಕಪ್, ಸ್ಮಾರ್ಟ್ ಡೌನ್‌ಲೋಡ್ ಎಲ್ಲವೂ ಹಬ್ಬ ಬಂದ ಹಾಗೆ ಎದ್ದು ಕೂರುತ್ತವೆ. ಟ್ಯಾಬ್‌ನ ವೈಫೈ ಪಟ್ಟಿಯಲ್ಲಿ ನಿಮ್ಮ ಫೋನಿನ ಹೆಸರು ಒತ್ತಿ, ನೆಟ್‌ವರ್ಕ್ ಬಳಕೆ ಎಂಬಲ್ಲಿ "Treat as metered" ಆರಿಸಿ, ಅಂದರೆ ಇದು ಅಳೆದು ಕೊಡುವ ಡೇಟಾ ಎಂದು ಅದಕ್ಕೆ ತಿಳಿಸಿ. ಹಾಗೆ ಮಾಡಿದ ಮೇಲೆ ಟ್ಯಾಬ್‌ನ ಆಪ್ ಡೌನ್‌ಲೋಡಿಗೇ ತಕರಾರು ಮಾಡಿದರೆ ಅಲ್ಲಿಯೂ "Wi-Fi Only" ಆಫ್ ಮಾಡಿ, ಮತ್ತು ಕೆಲಸ ಮುಗಿದ ಕೂಡಲೇ ಫೋನಿನ ಹಾಟ್‌ಸ್ಪಾಟ್ ಮುಚ್ಚಿ.